ನಾಯಿಯ ಉಣ್ಣಿಜ್ವರ: ರಿಪೋರ್ಟನ್ನು ಓದುವುದು ಹೇಗೆ?

ಮನೆಯ ನಾಯಿ ಎರಡು ದಿನದಿಂದ ರೊಟ್ಟಿ ಮುಟ್ಟಿಲ್ಲ. ಮೈ ಬಿಸಿಯಾಗಿದೆ, ಮೂಲೆ ಬಿಟ್ಟು ಏಳುವುದಿಲ್ಲ. ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ ನೋಡಿದರೆ ಉಣ್ಣಿಗಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ದನದ ದವಾಖಾನೆಗಳಿಗೆ ಇಂತಹ ನಾಯಿ ಬಂದಾಗ ಪಶುವೈದ್ಯರು ಮೊದಲು ಸಂಶಯಪಡುವುದು ಉಣ್ಣಿ ಕಚ್ಚಿ ರಕ್ತಕ್ಕೆ ಸೇರುವ ರೋಗಗಳನ್ನು. ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ತಿಳಿದುಹೋಗುತ್ತದೆ ಎಂದು ನೀವು ಭಾವಿಸುವುದು ಸಹಜ. ಆದರೆ ಈ ರೋಗಗಳಲ್ಲಿ ರಿಪೋರ್ಟು ಒಮ್ಮೊಮ್ಮೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ರೋಗಾಣುಗಳನ್ನು ನೆನಪಿಡಬೇಕು. ಒಂದು ಬೆಬೀಸಿಯಾ. ಇದು ಕೆಂಪು ರಕ್ತಕಣದ ಒಳಗೆ ಸೇರಿ, ಅದನ್ನು ಒಡೆದು ಹೊರಬರುವ ಪರೋಪಜೀವಿ. ಇದರ ಚಿಕ್ಕ ಗಾತ್ರದ ಜಾತಿಯಾದ ಬೆಬೀಸಿಯಾ ಗಿಬ್ಸನಿಯನ್ನು ಮೊದಲು ವರ್ಣಿಸಿದ್ದು ನಮ್ಮ ದೇಶದಲ್ಲಿಯೇ. 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿಯೂ, ನಂತರ ನರಿಯ ರಕ್ತದಲ್ಲಿಯೂ ಇದನ್ನು ಕಂಡರು. ಇನ್ನೊಂದು ಎರ್ಲಿಕಿಯಾ. ಸರಿಯಾಗಿ ಹೇಳಬೇಕೆಂದರೆ ಇದು ಒಂದು ಬ್ಯಾಕ್ಟೀರಿಯಾ. ಬಿಳಿ ರಕ್ತಕಣಗಳ ಒಳಗೆ ಅಡಗಿರುತ್ತದೆ.

ಎರಡರಲ್ಲಿಯೂ ಲಕ್ಷಣಗಳು ಹೆಚ್ಚುಕಡಿಮೆ ಒಂದೇ: ಜ್ವರ, ಸುಸ್ತು, ಬಿಳಿಚಿದ ಒಸಡು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳೂ ಎರಡರಲ್ಲಿಯೂ ಇಳಿಯುತ್ತವೆ. ಆದರೆ ಔಷಧಿ ಬೇರೆ ಬೇರೆ. ತೊಡಕು ಇರುವುದು ಇಲ್ಲಿಯೇ.

ಒಂದು ಉದಾಹರಣೆ

ಕುಷ್ಟಗಿಯ ಹತ್ತಿರದ ಹಳ್ಳಿಯೊಂದರಲ್ಲಿ ಕುರಿ ಕಾಯುವ ನಾಲ್ಕು ವರ್ಷದ ನಾಯಿ ಕಾಯಿಲೆ ಬಿದ್ದಿದೆ ಎಂದುಕೊಳ್ಳಿ. ಜ್ವರ ಬಂದ ಮೂರನೆಯ ದಿನ ರಕ್ತ ತೆಗೆದರು. ಪ್ಲೇಟ್‌ಲೆಟ್ 45,000 ಇದೆ. ಆರೋಗ್ಯವಂತ ನಾಯಿಯಲ್ಲಿ ಇದು ಸುಮಾರು 2 ಲಕ್ಷದಿಂದ 5 ಲಕ್ಷ ಇರಬೇಕು. ಹಿಮೋಗ್ಲೋಬಿನ್ 12ಕ್ಕಿಂತ ಮೇಲಿರಬೇಕಾದದ್ದು 9 ಇದೆ. ಪಟ್ಟಿಯ ಮೇಲೆ ಒಂದೆರಡು ಹನಿ ರಕ್ತ ಹಾಕಿ ಕೆಲವೇ ನಿಮಿಷದಲ್ಲಿ ಫಲಿತಾಂಶ ಹೇಳುವ ಕಿಟ್ಟಿನಲ್ಲಿ 'ಎರ್ಲಿಕಿಯಾ ಪಾಸಿಟಿವ್' ಎಂದು ಗೆರೆ ಮೂಡಿತು. ಡಾಕ್ಸಿಸೈಕ್ಲಿನ್ ಮಾತ್ರೆ ಶುರುವಾಯಿತು.

ಈ ಮಾತ್ರೆ ಎರ್ಲಿಕಿಯಾಗೆ ಒಳ್ಳೆಯ ಮದ್ದು. ರೋಗ ಹೊಸದಾಗಿದ್ದರೆ ಎರಡು ಮೂರು ದಿನದಲ್ಲಿಯೇ ನಾಯಿ ಚೇತರಿಸಿಕೊಂಡು ಊಟಕ್ಕೆ ಬಾಯಿ ಹಾಕುತ್ತದೆ. ಆದರೆ ಈ ನಾಯಿ ಒಂದು ವಾರವಾದರೂ ಏಳಲಿಲ್ಲ. ಒಸಡು ಇನ್ನಷ್ಟು ಬಿಳಿಚಿತು. ಹಿಮೋಗ್ಲೋಬಿನ್ 6ಕ್ಕೆ ಇಳಿಯಿತು. ವೈದ್ಯರು ಕಿವಿಯ ಅಂಚನ್ನು ಸೂಜಿಯಿಂದ ಚುಚ್ಚಿ, ಮೊದಲು ಬಂದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಎಳೆದು, ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಸಾವಿರ ಪಟ್ಟು ಹಿಗ್ಗಿಸಿ ನೋಡಿದರು. ಕೆಂಪು ಕಣಗಳ ಒಳಗೆ ಸಣ್ಣ ಉಂಗುರಗಳು! ಅದು ಬೆಬೀಸಿಯಾ ಗಿಬ್ಸನಿ.

ಹಾಗಾದರೆ ಕಿಟ್ ಸುಳ್ಳು ಹೇಳಿತೆ? ಇಲ್ಲ. ಅದು ಕೇಳಿದ ಪ್ರಶ್ನೆಯೇ ಬೇರೆ. ಇಂತಹ ಕಿಟ್ಟುಗಳಲ್ಲಿ ಹೆಚ್ಚಿನವು ರೋಗಾಣುವನ್ನು ಹುಡುಕುವುದಿಲ್ಲ. ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತವೆ. ಒಮ್ಮೆ ಎರ್ಲಿಕಿಯಾ ತಗುಲಿ ವಾಸಿಯಾದ ನಾಯಿಯಲ್ಲಿಯೂ ಪ್ರತಿಕಾಯಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತವೆ. ಉಣ್ಣಿಗಳ ನಡುವೆಯೇ ಬೆಳೆದ ನಾಯಿಯಲ್ಲಿ 'ಪಾಸಿಟಿವ್' ಎಂದರೆ 'ಎಂದಾದರೊಮ್ಮೆ ತಗುಲಿದೆ' ಎಂದಷ್ಟೇ ಅರ್ಥ. ಇವತ್ತಿನ ಜ್ವರಕ್ಕೆ ಅದೇ ಕಾರಣ ಎಂದಲ್ಲ. ಎಷ್ಟೋ ಕಿಟ್ಟುಗಳಲ್ಲಿ ಬೆಬೀಸಿಯಾ ಪರೀಕ್ಷೆ ಇರುವುದೇ ಇಲ್ಲ. ಮೇಲಾಗಿ ಎರಡೂ ರೋಗಗಳು ಒಂದೇ ನಾಯಿಗೆ ಒಟ್ಟಿಗೆ ಬರುವುದೂ ಉಂಟು.

'ನೆಗೆಟಿವ್' ಬಂದರೆ?

ಇದರ ವಿರುದ್ಧದ ತಪ್ಪೂ ಆಗುತ್ತದೆ. ಪ್ರತಿಕಾಯಗಳು ಕಿಟ್ಟಿಗೆ ಸಿಗುವಷ್ಟು ಹೆಚ್ಚಲು ಸೋಂಕು ತಗುಲಿ ಎರಡರಿಂದ ನಾಲ್ಕು ವಾರ ಬೇಕಾಗಬಹುದು. ಎರ್ಲಿಕಿಯಾ ಜ್ವರವೋ ಅದಕ್ಕೂ ಮೊದಲೇ, ಉಣ್ಣಿ ಕಚ್ಚಿದ 8ರಿಂದ 20 ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಜ್ವರದ ಮೊದಲ ದಿನಗಳಲ್ಲಿ ಮಾಡಿದ ಕಿಟ್ 'ಇಲ್ಲ' ಎಂದರೂ ರೋಗ ಇರಬಹುದು.

ಗಾಜಿನ ಪಟ್ಟಿಯ ರಕ್ತಲೇಪವೂ ಹಾಗೆಯೇ. ಅದರಲ್ಲಿ ರೋಗಾಣು ಕಂಡರೆ ಅದು ಗಟ್ಟಿ ಪುರಾವೆ. ಕಾಣದಿದ್ದರೆ ಇಲ್ಲವೆಂದು ಹೇಳಲಾಗದು. ಎರ್ಲಿಕಿಯಾ ಇರುವ ನೂರು ನಾಯಿಗಳಲ್ಲಿ ಹತ್ತರ ರಕ್ತಲೇಪದಲ್ಲಿ ಅದು ಕಂಡರೂ ಹೆಚ್ಚು. ಬಣ್ಣದ ಕಸರು ಅಥವಾ ಕೆಂಪು ಕಣದ ಮೇಲೆ ಕುಳಿತ ಪ್ಲೇಟ್‌ಲೆಟ್ ಬೆಬೀಸಿಯಾದಂತೆ ಕಂಡು ಮೋಸ ಮಾಡುವುದೂ ಇದೆ. ಸೀಸೆಯಲ್ಲಿ ಹಾಕಿದ ರಕ್ತವನ್ನು ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಕಣಗಳ ಆಕಾರವೇ ಕೆಡುತ್ತದೆ. ಲೇಪವನ್ನು ನಾಯಿಯ ಪಕ್ಕದಲ್ಲಿಯೇ, ತಾಜಾ ರಕ್ತದಿಂದ ಮಾಡಿದರೆ ಒಳ್ಳೆಯದು.

ಪ್ಲೇಟ್‌ಲೆಟ್ ಲೆಕ್ಕವನ್ನೂ ಕಣ್ಣು ಮುಚ್ಚಿ ನಂಬಬಾರದು. ರಕ್ತ ತೆಗೆಯುವಾಗ ನಾಯಿ ಒದ್ದಾಡಿ ತಡವಾದರೆ ಈ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಯಂತ್ರ ಆ ಮುದ್ದೆಗಳನ್ನು ಸರಿಯಾಗಿ ಎಣಿಸಲಾರದೆ ಸಂಖ್ಯೆಯನ್ನು ಬಹಳ ಕಡಿಮೆ ತೋರಿಸುತ್ತದೆ. ಲೇಪದಲ್ಲಿ ಮುದ್ದೆಗಳಿವೆಯೇ ಎಂದು ನೋಡಿದರೆ ನಿಜ ತಿಳಿಯುತ್ತದೆ.

ರೋಗಾಣುವಿನ ವಂಶವಾಹಿ ವಸ್ತುವನ್ನೇ ಹುಡುಕುವ ಪಿ.ಸಿ.ಆರ್. ಪರೀಕ್ಷೆ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಬೆಬೀಸಿಯಾ ಯಾವ ಜಾತಿಯದೆಂದೂ ಅದು ತಿಳಿಸುತ್ತದೆ. ಔಷಧಿಯ ಆಯ್ಕೆಗೆ ಇದು ಮುಖ್ಯ. ದೊಡ್ಡ ಗಾತ್ರದ ಬೆಬೀಸಿಯಾಗೆ ಚೆನ್ನಾಗಿ ಕೆಲಸ ಮಾಡುವ ಇಮಿಡೋಕಾರ್ಬ್ ಚುಚ್ಚುಮದ್ದು ಗಿಬ್ಸನಿಯನ್ನು ಪೂರ್ತಿ ತೊಡೆಯಲಾರದು. ಆದರೆ ಪಿ.ಸಿ.ಆರ್.ಗೆ ಔಷಧಿ ಶುರುಮಾಡುವ ಮೊದಲೇ ರಕ್ತ ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿ ಕಳುಹಿಸಬೇಕು. ನಾಲ್ಕು ದಿನ ಮಾತ್ರೆ ನುಂಗಿಸಿದ ಮೇಲೆ ತೆಗೆದ ರಕ್ತದಲ್ಲಿ 'ನೆಗೆಟಿವ್' ಬಂದರೆ ಅದಕ್ಕೆ ಹೆಚ್ಚು ಅರ್ಥವಿಲ್ಲ. ರೋಗ ಹಳೆಯದಾದಾಗ ರೋಗಾಣು ಗುಲ್ಮದಲ್ಲಿ ಅಡಗಿ, ರಕ್ತದಲ್ಲಿ ಸಿಗದೆಯೂ ಇರಬಹುದು.

ನೀವು ಮಾಡಬೇಕಾದದ್ದು

ವೈದ್ಯರ ಬಳಿ ಹೋದಾಗ ಮೂರು ಸಂಗತಿ ತಪ್ಪದೆ ಹೇಳಿ: ಜ್ವರ ಯಾವ ದಿನ ಶುರುವಾಯಿತು, ಈಗಾಗಲೇ ಯಾವ ಔಷಧಿ ಕೊಟ್ಟಿದ್ದೀರಿ, ಹಿಂದೆ ಈ ನಾಯಿಗೆ ಉಣ್ಣಿಜ್ವರ ಬಂದಿತ್ತೇ. ರಿಪೋರ್ಟಿನ ಅರ್ಥ ಇವುಗಳ ಮೇಲೆ ನಿಂತಿದೆ. ಪರೀಕ್ಷೆ ಯಾವುದು, ಪ್ರತಿಕಾಯದ್ದೋ ರೋಗಾಣುವಿನದ್ದೋ ಎಂದು ನೀವೂ ಕೇಳಿ ತಿಳಿದುಕೊಳ್ಳಿ.

ಎರ್ಲಿಕಿಯಾಗೆ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ನಾಯಿ ಮೂರನೆಯ ದಿನ ಉಂಡಿತೆಂದು ನಿಲ್ಲಿಸಬೇಡಿ. ವಾಸಿಯಾಯಿತೇ ಎಂದು ನೋಡಲು ಅದೇ ಕಿಟ್ಟನ್ನು ಮತ್ತೆ ಮಾಡಿಸಿದರೆ ಮತ್ತೆ 'ಪಾಸಿಟಿವ್' ಬರುವುದೇ ಹೆಚ್ಚು. ಅದನ್ನು ಕಂಡು ಗಾಬರಿಪಟ್ಟು ಇನ್ನೊಂದು ತಿಂಗಳು ಮಾತ್ರೆ ನುಂಗಿಸಿದರೆ ಪ್ರಯೋಜನವಿಲ್ಲ. ನೋಡಬೇಕಾದದ್ದು ನಾಯಿಯ ಊಟ, ಒಸಡಿನ ಬಣ್ಣ, ಏರುತ್ತಿರುವ ಪ್ಲೇಟ್‌ಲೆಟ್ ಮತ್ತು ಹಿಮೋಗ್ಲೋಬಿನ್. ಇವು ಏರದಿದ್ದರೆ, ರಿಪೋರ್ಟು ಏನೇ ಹೇಳಿರಲಿ, ಮೂರು ನಾಲ್ಕು ದಿನದೊಳಗೆ ನಾಯಿಯನ್ನು ಮತ್ತೆ ಕರೆದೊಯ್ದು ಕಿವಿಯ ರಕ್ತದ ಲೇಪ ನೋಡಲು ಕೇಳಿ. ಕುಷ್ಟಗಿಯ ಆ ನಾಯಿಯಂತೆ ಒಂದು ವಾರ ಕಾಯುವುದು ಬೇಡ.