ಒಂದೇ ಪಟ್ಟಿ, ಮೂವರು ರೋಗಿಗಳು

ನಮ್ಮ ‘ಹೊಂದಿಸಿ ಬರೆಯಿರಿ’ಯಲ್ಲಿ ಕೊನೆಯದು ಗೊತ್ತಿಲ್ಲದಿದ್ದರೂ ಉಳಿದದ್ದನ್ನು ಬರೆದು ಅಂಕ ಗಿಟ್ಟಿಸಬಹುದು. ಎಂಬಿಬಿಎಸ್ ಓದುತ್ತಿರುವ ಆಪಾ ರಜೆಗೆ ರಾಜಘಟ್ಟಕ್ಕೆ ಬಂದಾಗ ನನ್ನ ಮುಂದಿಟ್ಟ ಪ್ರಶ್ನೆಯಲ್ಲಿ ಆ ಉಪಾಯ ನಡೆಯಲಿಲ್ಲ. ಅದರ ಹೆಸರು ‘ಎಕ್ಸ್‌ಟೆಂಡೆಡ್ ಮ್ಯಾಚಿಂಗ್’. ಹಲವು ರೋಗಿಗಳಿಗೆ ಒಂದೇ ಆಯ್ಕೆಪಟ್ಟಿ. ಒಂದು ಉತ್ತರ ಎರಡು ಸಲ ಬರಬಹುದು, ಒಮ್ಮೆಯೂ ಬರದಿರಬಹುದು.

ವಿಷಯ ಜ್ವರ. ಪಟ್ಟಿ ಅಕ್ಷರಮಾಲೆಯ ಕ್ರಮದಲ್ಲಿತ್ತು: ಇಲಿಜ್ವರ, ಚಿಕೂನ್‌ಗುನ್ಯ, ಟೈಫಾಯ್ಡ್, ಡೆಂಗಿ, ಮಲೇರಿಯಾ. ನಿಜವಾದ ಪರೀಕ್ಷೆಯಲ್ಲಿ ಪಟ್ಟಿ ಇನ್ನೂ ಉದ್ದವಂತೆ. ಪ್ರತಿ ರೋಗಿಗೂ ಕೇಳುವುದು ಒಂದೇ: ಜ್ವರಕ್ಕೆ ಹೆಚ್ಚು ಸಂಭವನೀಯ ಕಾರಣ ಯಾವುದು?

ಮೊದಲನೆಯವನಿಗೆ ನಾಲ್ಕು ದಿನದ ಜ್ವರ, ಕಣ್ಣಿನ ಹಿಂದೆ ನೋವು, ಮೈಮೇಲೆ ಕೆಂಪು ಗುಳ್ಳೆ, ಪ್ಲೇಟ್‌ಲೆಟ್ 60,000. ಡೆಂಗಿ ಎಂದೆ. ಎರಡನೆಯವಳಿಗೆ ಹತ್ತು ದಿನದಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿದ ಜ್ವರ, ಹೊಟ್ಟೆನೋವು, ಬೆಳ್ಳಗಾದ ನಾಲಗೆ. ಟೈಫಾಯ್ಡ್. ಮೂರನೆಯವಳಿಗೆ ಐದನೇ ದಿನ ಜ್ವರ ಇಳಿದಿದೆ. ಆದರೆ ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣನೆಯ ಕೈಕಾಲು, ಪ್ಲೇಟ್‌ಲೆಟ್ ಕಡಿಮೆ, ರಕ್ತ ಗಟ್ಟಿಯಾಗಿದೆ. ಡೆಂಗಿ ಆಗಲೇ ಬರೆದಾಯಿತಲ್ಲ ಎಂದು ನಾನು ಇಲಿಜ್ವರ ಎಂದೆ.

ತಪ್ಪು. ಅದೂ ಡೆಂಗಿಯೇ. ಜ್ವರ ಇಳಿಯುವ ಹೊತ್ತಿಗೇ ರಕ್ತನಾಳದಿಂದ ದ್ರವ ಸೋರಿ ರಕ್ತ ಗಟ್ಟಿಯಾಗುತ್ತದೆ, ಒತ್ತಡ ಕುಸಿಯುತ್ತದೆ. ಮನೆಯವರು ‘ವಾಸಿಯಾಯಿತು’ ಎನ್ನುವ ದಿನವೇ ಅಪಾಯದ ದಿನ. ಪ್ಲೇಟ್‌ಲೆಟ್ ಒಂದನ್ನೇ ನೋಡಿ ಹೇಳುವಂತೆಯೂ ಇಲ್ಲ, ಮಲೇರಿಯಾದಲ್ಲೂ ಅದು ಇಳಿಯುತ್ತದೆ.

ಆಪಾ ಪಟ್ಟಿಯನ್ನು ಅಂಗೈಯಿಂದ ಮುಚ್ಚಿದಳು. “ಮೊದಲು ರೋಗಿಯನ್ನು ಓದು, ಉತ್ತರ ಹೇಳು, ಆಮೇಲೆ ಪಟ್ಟಿಯಲ್ಲಿ ಹುಡುಕು” ಎಂದಳು.