ಗಂಟೆಗೆ 250 ಹೆಜ್ಜೆ: ವಾಚ್ ಗುಂಯ್‌ಗುಡೋದು ನಿಲ್ಲಿಸೋದು ಹೇಗೆ?

ಫಿಟ್‌ಬಿಟ್ ಕಟ್ಟಿಕೊಂಡು ಕಚೇರಿಯಲ್ಲಿ ಕೂತವರ ಮಣಿಕಟ್ಟು ದಿನಕ್ಕೆ ಏಳೆಂಟು ಸಲ ನಡುಗೋದಕ್ಕೆ ಒಂದು ಲೆಕ್ಕವಿದೆ. ಒಂದು ಗಂಟೆಯೊಳಗೆ 250 ಹೆಜ್ಜೆ ಆಗದಿದ್ದರೆ, ಗಂಟೆ ಮುಗಿಯಲು 10 ನಿಮಿಷ ಇರುವಾಗ ಅದು ಎಚ್ಚರಿಸುತ್ತದೆ. ಅಂದರೆ 10.50, 11.50, 12.50ಕ್ಕೆ. ಅಷ್ಟರೊಳಗೆ ನಡೆದಿದ್ದರೆ ಸುಮ್ಮನಿರುತ್ತದೆ.

ಹಾಗಾಗಿ ರಿಮೈಂಡರ್ ಆಫ್ ಮಾಡಬೇಕಿಲ್ಲ. ಆ್ಯಪ್‌ನಲ್ಲಿ ಅದರ ಅವಧಿಯನ್ನು ಬೆಳಿಗ್ಗೆ 10ರಿಂದ ಸಂಜೆ 6ಕ್ಕೆ, ಸೋಮವಾರದಿಂದ ಶುಕ್ರವಾರಕ್ಕೆ ಸೀಮಿತಗೊಳಿಸಿ. ಆಮೇಲೆ ಪ್ರತಿ ಗಂಟೆಯ ಅರ್ಧದ ಹೊತ್ತಿಗೆ ನೀರು ತುಂಬಿಸಿಕೊಂಡು ಬರುವ ನೆಪದಲ್ಲಿ ಎದ್ದು ಓಡಾಡಿ. 250 ಹೆಜ್ಜೆಗೆ ಎರಡೂವರೆ ನಿಮಿಷ ಸಾಕು. ಮೀಟಿಂಗ್ ಇದ್ದರೆ ಆ ಹೊತ್ತಿಗೆ ಮಾತ್ರ ಡು ನಾಟ್ ಡಿಸ್ಟರ್ಬ್ ಹಾಕಿ, ಮುಗಿದ ಮೇಲೆ ತೆಗೆಯಿರಿ.

ಇನ್ನು ದಿನದ ಗುರಿ. 10,000 ಅನ್ನೋದು ವೈದ್ಯರು ಅಳೆದು ಕೊಟ್ಟ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊ-ಕೆ’ ಎಂಬ ಹೆಜ್ಜೆಮಾಪಕದ ಹೆಸರಿನಿಂದ ಹಬ್ಬಿದ್ದು. ಕಳೆದ ವಾರದ ನಿಮ್ಮ ಸರಾಸರಿ 4,200 ಇದ್ದರೆ ಗುರಿ 5,000 ಇಡಿ. ಗಂಟೆಗೆ 250ರಂತೆ ಎಂಟು ಗಂಟೆಗೆ 2,000 ಹೆಜ್ಜೆ ಕಚೇರಿಯಲ್ಲೇ ಆಗುತ್ತದೆ. ಎರಡು ವಾರ ಬಹುಪಾಲು ದಿನ ಗುರಿ ಮುಟ್ಟಿದರೆ 500 ಏರಿಸಿ, ಇಲ್ಲದಿದ್ದರೆ ಅಲ್ಲೇ ಬಿಡಿ.

ನಡೆದು ಬಂದ್ರೂ ಗುಂಯ್‌ಗುಟ್ಟಿತಾ? ವಾಚ್ ಕಟ್ಟಿದ ಕೈಯಲ್ಲಿ ಕಾಫಿ ಲೋಟವೋ ಲ್ಯಾಪ್‌ಟಾಪೋ ಇತ್ತಾ ನೋಡಿ. ಕೈ ಬೀಸದಿದ್ದರೆ ಹೆಜ್ಜೆ ಎಣಿಕೆ ತಪ್ಪುತ್ತದೆ.