‘30 ವ್ಯಾಟ್’ ಅಂದರೆ ಪಿಜಿ ಮಾಲೀಕರಿಗೆ ಎಷ್ಟು ರೂಪಾಯಿ?

30 ವ್ಯಾಟ್, ರಿಮೋಟ್, ಸದ್ದಿಲ್ಲದ ಮೋಟಾರು, ವೋಲ್ಟೇಜ್ ಏರಿಳಿದರೂ ಒಂದೇ ವೇಗ. ಬಿಎಲ್‌ಡಿಸಿ ಫ್ಯಾನಿನ ಡಬ್ಬಿಯ ಮೇಲಿರುವ ಇಂಥ ಪಟ್ಟಿಯನ್ನೇ ಎಷ್ಟೋ ಮಾರಾಟಗಾರರು ವಾಟ್ಸಾಪ್‌ನಲ್ಲಿ ಹೊಸ ಗಿರಾಕಿಗೆ ಕಳಿಸಿಬಿಡುತ್ತಾರೆ. ಅದರಲ್ಲಿ ಫ್ಯಾನಿನ ಗುಣವಿದೆ, ಆದರೆ ಓದುವವರಿಗೆ ಅದರಿಂದ ಏನು ಸಿಗುತ್ತದೆ ಎಂಬುದಿಲ್ಲ.

ಗುಣವನ್ನು ಲಾಭವಾಗಿಸಲು ಪ್ರತಿ ಸಾಲಿಗೂ ‘ಅದರಿಂದ ಇವರಿಗೇನು?’ ಎಂದು ಕೇಳಬೇಕು. ಉತ್ತರ ಹಣಕ್ಕೋ ಸಮಯಕ್ಕೋ ತಪ್ಪುವ ತಲೆನೋವಿಗೋ ಮುಟ್ಟುವ ತನಕ ಬಿಡಬಾರದು. ಪತ್ರ ಹೋಗುವುದು 40 ಫ್ಯಾನುಗಳಿರುವ ಪಿಜಿಯ ಮಾಲೀಕರಿಗೆ ಎಂದುಕೊಳ್ಳಿ. ಹಳೆಯ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕು, ಹೊಸದಕ್ಕೆ 30 ಸಾಕು. ದಿನಕ್ಕೆ 12 ಗಂಟೆ ಪೂರ್ತಿ ವೇಗದಲ್ಲಿ ಓಡಿದರೆ, 40 ಫ್ಯಾನಿಗೆ ತಿಂಗಳಿಗೆ 648 ಯೂನಿಟ್ ಉಳಿತಾಯ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಸುಮಾರು 4,500 ರೂಪಾಯಿ. ಈಗ ಪತ್ರ ಹೀಗಾಗುತ್ತದೆ:

“ಸರ್, ನಿಮ್ಮ ಪಿಜಿಯ 40 ಫ್ಯಾನು ದಿನಕ್ಕೆ 12 ಗಂಟೆ ಓಡುತ್ತಿದ್ದರೆ, ತಿಂಗಳ ಕರೆಂಟ್ ಬಿಲ್ಲಿನಲ್ಲಿ ಸುಮಾರು 4,500 ರೂಪಾಯಿ ಉಳಿಸಬಹುದು. ಹಳೆಯ ಫ್ಯಾನು 75 ವ್ಯಾಟ್, ನಮ್ಮದು 30. ಯೂನಿಟ್ಟಿಗೆ 7 ರೂಪಾಯಿ ಹಿಡಿದಿದ್ದೇನೆ. ಹೋದ ತಿಂಗಳ ಬಿಲ್ಲಿನ ಫೋಟೊ ಕಳಿಸಿದರೆ ನಿಮ್ಮ ದರಕ್ಕೇ ಲೆಕ್ಕ ಹಾಕಿಕೊಡುತ್ತೇನೆ.”

ವ್ಯಾಟ್ ಇಲ್ಲಿಯೂ ಇದೆ, ಆದರೆ ಲಾಭದ ಹಿಂದೆ ಸಾಕ್ಷಿಯಾಗಿ ನಿಂತಿದೆ. ರಿಮೋಟ್ ಮಾತೇ ಇಲ್ಲ. ಬಾಡಿಗೆದಾರರು ಬದಲಾಗುತ್ತಲೇ ಇರುವ ಪಿಜಿಯಲ್ಲಿ ರಿಮೋಟ್ ಕಳೆಯುವ ಭಯವೇ ಹೆಚ್ಚು. ಹೊಗಳಲು ಅದು ತಕ್ಕ ಅಂಶವಲ್ಲ. ಆದರೆ ಮಾಲೀಕರು ಕೇಳಿದರೆ ಮುಚ್ಚಿಡುವಂತೆಯೂ ಇಲ್ಲ.

ಓದುವವರು ಬದಲಾದರೆ ಲಾಭವೂ ಬದಲಾಗುತ್ತದೆ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವ ಮನೆಗೆ ‘ಬಿಲ್ ಉಳಿತಾಯ’ ಎಂದು ಬರೆದು ಪ್ರಯೋಜನವಿಲ್ಲ. ಕರೆಂಟ್ ಆಗಾಗ ಹೋಗುವ ಊರಾದರೆ, ಅದೇ 30 ವ್ಯಾಟ್‌ನಿಂದ ಇನ್ವರ್ಟರ್ ಬ್ಯಾಟರಿಯಲ್ಲಿ ಫ್ಯಾನು ಹೆಚ್ಚು ಹೊತ್ತು ತಿರುಗುತ್ತದೆ ಎಂಬುದೇ ಅವರಿಗೆ ಬೇಕಾದ ಮಾತು.

ಎಡವುವುದು ಹೆಚ್ಚಾಗಿ ಶೇಕಡಾ ಲೆಕ್ಕದಲ್ಲಿ. ‘60% ವಿದ್ಯುತ್ ಉಳಿತಾಯ’ ಎಂದರೆ ಇಡೀ ಬಿಲ್ಲೇ ಅಷ್ಟು ಇಳಿಯುತ್ತದೆ ಎಂದು ಓದುವವರು ನಂಬುತ್ತಾರೆ. ಇಳಿಯುವುದು ಫ್ಯಾನಿನ ಪಾಲು ಮಾತ್ರ. ಗೀಸರು, ಫ್ರಿಜ್ಜು, ನೀರೆತ್ತುವ ಮೋಟಾರು ಮೊದಲಿನಂತೆಯೇ ಕರೆಂಟ್ ತಿನ್ನುತ್ತವೆ. ಮೊದಲ ಬಿಲ್ ಬಂದ ದಿನವೇ ಜಗಳ ಶುರು. ಹಾಗೆಯೇ ಚೆನ್ನಾಗಿ ಓಡುವ ಫ್ಯಾನನ್ನು ಕಿತ್ತು ಹೊಸದು ಹಾಕಿಸುವುದಾದರೆ, ಹಾಕಿದ ದುಡ್ಡು ಮರಳಲು ಎಷ್ಟು ತಿಂಗಳು ಬೇಕೆಂಬುದನ್ನು ಫ್ಯಾನಿನ ಪೂರ್ತಿ ಬೆಲೆಯ ಮೇಲೆ ಲೆಕ್ಕ ಹಾಕಬೇಕು. ಕೆಟ್ಟದ್ದರ ಬದಲಿಗಾದರೆ ಎರಡು ಬಗೆಯ ಫ್ಯಾನುಗಳ ಬೆಲೆಯ ವ್ಯತ್ಯಾಸ ಸಾಕು.

ಕಳಿಸುವ ಮುನ್ನ ಪತ್ರವನ್ನು ಒಮ್ಮೆ ಹೀಗೆ ನೋಡಿ: ಪಿಜಿ ಎಂಬಲ್ಲಿ ಅಂಗಡಿ ಎಂದು ಹಾಕಿದರೂ ಉಳಿದ ಸಾಲೆಲ್ಲ ಹಾಗೇ ಹೊಂದುತ್ತದೆಯೇ? ಹೊಂದಿದರೆ, ನೀವು ಬರೆದಿರುವುದು ಇನ್ನೂ ಡಬ್ಬಿಯ ಮೇಲಿನ ಪಟ್ಟಿಯನ್ನೇ.